ಹೇನಿಗೆ ಬೇವು, ಸೀತಾಫಲ, ಶಾಂಪೂ: ಯಾವುದರಿಂದ ಎಷ್ಟು ಉಪಯೋಗ?

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ದಸರಾ ರಜೆಗೆ ಹಾಸ್ಟೆಲಿನಿಂದ ಬಂದಾಗ ತಲೆ ತುಂಬ ಹೇನು, ಸೀರು. ಸೊಂಟದವರೆಗೂ ಕೂದಲಿದೆ. ಮೆಡಿಕಲ್ ಶಾಪಿನಿಂದ ಹೇನಿನ ಶಾಂಪೂ ತಂದು ಒಂದು ಸಲ ಹಾಕಿದೆ. ಹೋಯ್ತು ಅಂದುಕೊಂಡೆ, ಹತ್ತು ದಿನಕ್ಕೆ ಮತ್ತೆ ಕೆರೆಯೋಕೆ ಶುರು. ಅತ್ತೆ ಬೇವಿನ ಸೊಪ್ಪು ಅರೆದು ಹಚ್ಚು ಅಂತಾರೆ. ಪಕ್ಕದ ಮನೆಯವರು ಸೀತಾಫಲದ ಎಲೆ ಒಳ್ಳೇದು, ಬೀಜ ಪುಡಿ ಮಾಡಿ ಹಚ್ಚಿದ್ರೆ ಒಂದೇ ದಿನಕ್ಕೆ ಹೋಗುತ್ತೆ ಅಂತಾರೆ. ಮತ್ತೆ ಕೆಮಿಕಲ್ ಹಾಕಿದ್ರೆ ಕೂದಲು ಉದುರುತ್ತಾ ಅಂತ ಭಯ. ಯಾವುದು ಮಾಡಲಿ?
– ಒಬ್ಬ ತಾಯಿ, ಮಧುಗಿರಿ

ಉತ್ತರ: ಎಲ್ಲಕ್ಕಿಂತ ಮೊದಲು, ಸೀತಾಫಲದ ಬೀಜ ಬೇಡ. ಪುಡಿ ಮಾಡಿ ಇಟ್ಟುಕೊಂಡಿದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಇವತ್ತೇ ಮಣ್ಣಿನಲ್ಲಿ ಹೂತುಬಿಡಿ. ಯಾಕೆ ಅನ್ನೋದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಉಳಿದಿದ್ದನ್ನು ನಿಧಾನವಾಗಿ ನೋಡೋಣ.

ಶಾಂಪೂ ಹಾಕಿದ ಮೇಲೂ ಹೇನು ಯಾಕೆ ಬಂತು ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಹೆಣ್ಣು ಹೇನು ದಿನಕ್ಕೆ ಆರರಿಂದ ಹತ್ತು ಮೊಟ್ಟೆ ಇಡುತ್ತದೆ. ಆ ಮೊಟ್ಟೆಯೇ ಸೀರು. ಅದನ್ನು ಕೂದಲಿನ ಬುಡದ ಹತ್ತಿರ, ಒಂದು ಥರದ ಅಂಟಿನಿಂದ ಕೂದಲಿಗೇ ಕಚ್ಚಿಸಿ ಇಡುತ್ತದೆ. ಸೀರು ಒಡೆದು ಮರಿ ಹೊರಗೆ ಬರಲು ಏಳರಿಂದ ಹತ್ತು ದಿನ ಬೇಕು. ಆ ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡಲು ಇನ್ನೂ ಒಂಬತ್ತು ಹತ್ತು ದಿನ. ಅಂಗಡಿಯ ಔಷಧವಾಗಲಿ ಮನೆಯ ಸೊಪ್ಪಾಗಲಿ, ಓಡಾಡುವ ಹೇನನ್ನು ಕೊಂದರೂ ಸೀರಿನ ಒಳಗೆ ಪೂರ್ತಿ ಇಳಿಯುವುದಿಲ್ಲ. ನೀವು ಶಾಂಪೂ ಹಾಕಿದ ದಿನ ಹೇನು ಸತ್ತಿರಬಹುದು. ಸೀರು ಹಾಗೇ ಉಳಿದು, ಹತ್ತು ದಿನದಲ್ಲಿ ಒಡೆದಿರಬೇಕು.

ಇದು ನಿಜವೇ ಅಂತ ನೀವೇ ನೋಡಬಹುದು. ಮಗಳನ್ನು ಹಗಲು ಬೆಳಕಿನಲ್ಲಿ ಕೂರಿಸಿ, ಕಿವಿಯ ಹಿಂದೆ ಮತ್ತು ಕತ್ತಿನ ಮೇಲ್ಭಾಗದಲ್ಲಿ ಕೂದಲು ಬಿಡಿಸಿ ನೋಡಿ. ಹೇನು ಅಲ್ಲೇ ಜಾಸ್ತಿ ಇರುತ್ತದೆ. ಸಿಕ್ಕಿದ್ದೆಲ್ಲ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಮರಿಗಳಾದರೆ ಅವು ಉಳಿದ ಸೀರಿನಿಂದ ಬಂದವು. ಔಷಧ ಕೆಲಸ ಮಾಡಿದೆ, ಎರಡನೇ ಸಲ ಹಾಕಲಿಲ್ಲ ಅಷ್ಟೆ. ಆದರೆ ಎಳ್ಳಿನ ಕಾಳಿನಷ್ಟು ದೊಡ್ಡವೇ ಓಡಾಡುತ್ತಿದ್ದರೆ ಒಂದೋ ಆ ಶಾಂಪೂ ಕೊಂದೇ ಇಲ್ಲ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರ ತಲೆಯಿಂದ ಮತ್ತೆ ಹತ್ತಿದೆ. ಹಾಸ್ಟೆಲಿನಿಂದ ಬಂದ ಮಗಳು ಅಜ್ಜಿಯ ಪಕ್ಕ ಮಲಗಿದ್ದರೆ ಅಜ್ಜಿಯ ತಲೆಯನ್ನೂ ನೋಡಿ.

ಇನ್ನು ನೀವು ತಂದ ಬಾಟಲಿಯ ಲೇಬಲ್ ಓದಿ. ಹೇನಿನ ಶಾಂಪೂ ಅಂತ ಮಾರುವುದರಲ್ಲಿ ಎರಡು ಜಾತಿ ಇದೆ. ಕೆಲವದರ ಮೇಲೆ ಬೇವು, ಸೀತಾಫಲ, ಕರ್ಪೂರ ಅಂತ ಬರೆದಿರುತ್ತದೆ. ಅವು ಗಿಡಮೂಲಿಕೆಯ ಶಾಂಪೂಗಳು. ಇನ್ನು ಕೆಲವದರ ಮೇಲೆ ಪರ್ಮೆಥ್ರಿನ್ 1% ಅಂತ ಇರುತ್ತದೆ. ನಾವು ಡಾಕ್ಟರುಗಳು ಹೇನಿನ ಔಷಧ ಅನ್ನುವುದು ಇದನ್ನು. ಮೆಡಿಕಲ್ ಶಾಪಿನಲ್ಲಿ ಸಿಕ್ಕಿದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಎಷ್ಟೋ ತಾಯಂದಿರು ಮೊದಲನೆಯದನ್ನು ಹಾಕಿ, ಇಂಗ್ಲಿಷ್ ಔಷಧಿಯೂ ಆಯ್ತು, ಉಪಯೋಗ ಇಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಈಗ ಅತ್ತೆಯವರ ಬೇವಿನ ವಿಷಯ. ಬೇವಿನಲ್ಲಿ ಕೀಟಗಳಿಗೆ ಆಗದ ಅಂಶ ಇರುವುದು ನಿಜ. ಅದರ ಹೆಸರು ಅಜಾಡಿರಾಕ್ಟಿನ್. ಅದು ಜಾಸ್ತಿ ಇರುವುದು ಬೇವಿನ ಬೀಜದಲ್ಲಿ. ಎಲೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಮೇಲಾಗಿ ಬಿಸಿಗೆ, ಬಿಸಿಲಿಗೆ ಅದು ಕೆಡುತ್ತದೆ. ಹಾಗಾಗಿ ಸೊಪ್ಪನ್ನು ಕುದಿಸಿದ ನೀರಿನಲ್ಲಿ ಹೇನಿಗೆ ತಾಗುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ. ಇನ್ನೂ ಒಂದು ಮಾತಿದೆ. ಬೇವು ತನ್ನ ಕೆಲಸವನ್ನು ಚೆನ್ನಾಗಿ ಮಾಡುವುದು ಎಲೆ ತಿನ್ನುವ ಹುಳುಗಳ ಮೇಲೆ. ಅವು ತಿಂದ ಎಲೆಯ ಜೊತೆ ಅದು ಒಳಗೆ ಹೋಗಿ, ಪೊರೆ ಬಿಟ್ಟು ಬೆಳೆಯುವುದನ್ನು ತಡೆಯುತ್ತದೆ. ತಲೆಯ ಹೇನು ರಕ್ತ ಬಿಟ್ಟು ಬೇರೇನೂ ಕುಡಿಯುವುದಿಲ್ಲ. ನೀವು ಹಚ್ಚಿದ ಸೊಪ್ಪು ಅದರ ಹೊಟ್ಟೆಗೆ ಹೋಗುವುದೇ ಇಲ್ಲ.

ಬೇವಿನ ಬೀಜದ ಸಾರ ಸೇರಿಸಿ ತಯಾರಿಸಿದ ಶಾಂಪೂಗಳನ್ನು ಪರೀಕ್ಷೆ ಮಾಡಿದಾಗ ಒಳ್ಳೆಯ ಫಲಿತಾಂಶ ಬಂದದ್ದೂ ಇದೆ. ಆದರೆ ಅದು ಅಳತೆ ಮಾಡಿ ತಯಾರಿಸಿದ ಬೀಜದ ಸಾರ. ಒರಳಿನಲ್ಲಿ ಅರೆದ ಸೊಪ್ಪಿಗೆ ಆ ಫಲಿತಾಂಶವನ್ನು ಕಟ್ಟಲು ಆಗುವುದಿಲ್ಲ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳುವುದಾದರೆ, ಬೇವಿನ ಸೊಪ್ಪು ಹಚ್ಚಿದರೆ ತೊಂದರೆ ಬಹುತೇಕ ಇಲ್ಲ, ಅದನ್ನೇ ನಂಬಿ ಕೂರಬೇಡಿ. ಬೇವಿನ ಎಣ್ಣೆ ಇದ್ದರೆ ನಾಲ್ಕು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಸೇರಿಸಿ, ಬಾಚುವ ಮೊದಲು ಹಚ್ಚಬಹುದು. ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಎಣ್ಣೆಯ ಜಿಡ್ಡು. ಜಿಡ್ಡಿನಲ್ಲಿ ಹೇನಿಗೆ ಓಡಲು ಆಗುವುದಿಲ್ಲ, ಬಾಚಣಿಗೆಗೆ ಸುಲಭವಾಗಿ ಸಿಗುತ್ತದೆ. ಆದರೆ ಬೇವಿನ ಎಣ್ಣೆಯ ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ವಾಂತಿ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾದ ಉದಾಹರಣೆಗಳಿವೆ.

ಸೀತಾಫಲದ ಕಥೆ ಬೇರೆ. ಇದಕ್ಕೆ ಶಕ್ತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಶಕ್ತಿ ಜಾಸ್ತಿ ಇರುವುದೇ ತೊಂದರೆ. ನಿಮ್ಮ ಮಧುಗಿರಿ ಕಡೆಯ ಗುಡ್ಡಗಳಲ್ಲಿ ಸೀತಾಫಲ ತಾನಾಗಿಯೇ ಬೆಳೆಯುತ್ತದೆ. ಅದರ ಎಲೆಯನ್ನು ಮೇಕೆಗಳೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದರ ಬೀಜದ ತಿರುಳಿನಲ್ಲಿ ಅಸಿಟೋಜೆನಿನ್ ಅನ್ನುವ ಅಂಶಗಳಿವೆ. ಜೀವಕೋಶಗಳು ಶಕ್ತಿ ತಯಾರಿಸುವ ಕೆಲಸವನ್ನೇ ಅವು ನಿಲ್ಲಿಸುತ್ತವೆ. ಥಾಯ್ಲೆಂಡಿನಲ್ಲಿ ಸಂಶೋಧಕರು ಬೀಜದ ಸಾರವನ್ನು ಕೊಬ್ಬರಿ ಎಣ್ಣೆಗೆ ಸೇರಿಸಿ ಹೇನಿನ ಮೇಲೆ ಹಾಕಿ ನೋಡಿದ್ದಾರೆ. ಕೆಲವೇ ಗಂಟೆಗಳಲ್ಲಿ ಬಹುಪಾಲು ಹೇನು ಸತ್ತವು. ಎಲೆಗಿಂತ ಬೀಜವೇ ಬಲ. ಹಾಗಾಗಿ ನಿಮ್ಮ ಪಕ್ಕದ ಮನೆಯವರು ಹೇಳಿದ್ದರಲ್ಲಿ ಸುಳ್ಳಿಲ್ಲ.

ಆದರೆ ಆ ಅಂಶಕ್ಕೆ ಹೇನು ಯಾವುದು, ನಿಮ್ಮ ಮಗಳ ಕಣ್ಣು ಯಾವುದು ಅಂತ ಗೊತ್ತಿಲ್ಲ. ಕಣ್ಣಿನ ಕರಿಗುಡ್ಡೆಯ ಮೇಲಿನ ತೆಳುವಾದ ಪದರವನ್ನೂ ಅದು ಸುಟ್ಟು ಹಾಕುತ್ತದೆ. ಇದು ಹೆಚ್ಚಾಗಿ ನಡೆಯುವುದು ತೊಳೆಯುವಾಗ. ಸೀತಾಫಲದ ಸುಗ್ಗಿಯಲ್ಲಿ ನನ್ನ ಹತ್ತಿರ ಬಂದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಹಣ್ಣು ತಿಂದು ಉಗುಳಿದ ಬೀಜವನ್ನು ಒಣಗಿಸಿ, ಮಿಕ್ಸಿಗೆ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬೆಳಗ್ಗೆ ತಲೆಗೆ ಹಚ್ಚಿಕೊಂಡಿದ್ದರು. ಮಧ್ಯಾಹ್ನ ಮುಂದಕ್ಕೆ ಬಗ್ಗಿ ಚೊಂಬಿನಲ್ಲಿ ನೀರು ಹುಯ್ದುಕೊಂಡರು. ನೀರು ಹಣೆಯ ಮೇಲಿಂದ ಕಣ್ಣಿಗೆ ಇಳಿಯಿತು. ಆಗ ಸ್ವಲ್ಪ ಉರಿ ಅಷ್ಟೇ, ಮುಖ ಒರೆಸಿಕೊಂಡು ಅಡುಗೆಗೆ ಹೋದರು. ಸಂಜೆ ಹೊತ್ತಿಗೆ ಎರಡೂ ಕಣ್ಣು ಕೆಂಡದ ಬಣ್ಣ, ಧಾರಾಕಾರ ನೀರು, ಬೆಳಕಿಗೆ ರೆಪ್ಪೆ ತೆಗೆಯಲು ಆಗುತ್ತಿಲ್ಲ. ಯಾರೋ ಹೇಳಿದರು ಅಂತ ಹರಳೆಣ್ಣೆ ಬಿಟ್ಟುಕೊಂಡಿದ್ದರು. ತಲೆಗೆ ಏನು ಹಚ್ಚಿದಿರಿ ಅಂತ ಕೇಳಿದ ಮೇಲೆಯೇ ಬೀಜದ ವಿಷಯ ಹೊರಗೆ ಬಂದಿದ್ದು. ನಾನು ಚರ್ಮದ ಡಾಕ್ಟರು, ಅವರನ್ನು ಆಗಲೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಪದರ ಕಿತ್ತುಹೋಗಿತ್ತು. ಬೇಗ ಚಿಕಿತ್ಸೆ ಸಿಕ್ಕಿದ್ದರಿಂದ ದೃಷ್ಟಿ ಉಳಿಯಿತು.

ಇದು ಅಪರೂಪದ ವಿಷಯವಲ್ಲ. ದಕ್ಷಿಣ ಭಾರತದ ಕಣ್ಣಿನ ಡಾಕ್ಟರುಗಳು ಇಂಥ ಎಷ್ಟೋ ಪ್ರಕರಣ ವರದಿ ಮಾಡಿದ್ದಾರೆ. ಬೀಜದ ಪುಡಿ ಕಣ್ಣಿಗೆ ತಾಗಿದ ಕೂಡಲೇ ಏನೂ ಆಗದಿದ್ದರೂ ನಂಬಬೇಡಿ, ನೋವು ಕೆಲವು ಗಂಟೆ ಬಿಟ್ಟು ಏರುತ್ತದೆ. ತಕ್ಷಣ ಶುದ್ಧ ನೀರಿನಲ್ಲಿ ಕಡಿಮೆ ಅಂದರೂ ಕಾಲು ಗಂಟೆ ಕಣ್ಣು ತೊಳೆಯಬೇಕು. ರೆಪ್ಪೆಯ ಒಳಗೆ ಪುಡಿಯ ಚೂರು ಉಳಿದಿರಬಹುದು, ಅದಕ್ಕೇ ಉಜ್ಜಬಾರದು. ಹರಳೆಣ್ಣೆ, ಹಾಲು, ಮನೆಯಲ್ಲಿ ಉಳಿದ ಹಳೆಯ ಕಣ್ಣಿನ ಡ್ರಾಪ್ಸ್ ಏನೂ ಬೇಡ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ, ಸೀತಾಫಲದ ಬೀಜ ಅಂತ ಬಾಯಿ ಬಿಟ್ಟು ಹೇಳಿ.

ಹಾಗಾದರೆ ಎಲೆ? ಎಲೆಯಲ್ಲಿ ಈ ಅಂಶಗಳು ಬೀಜಕ್ಕಿಂತ ಕಡಿಮೆ, ಕೆಲಸವೂ ಅಷ್ಟೇ ಕಡಿಮೆ. ಒಂದು ಮರದ ಎಲೆ ಇನ್ನೊಂದು ಮರದ ಹಾಗಿರುವುದಿಲ್ಲ. ಚಿಗುರು, ಬಲಿತ ಎಲೆ, ಮಳೆಗಾಲ, ಬೇಸಿಗೆ ಅಂತ ಬದಲಾಗುತ್ತಾ ಹೋಗುತ್ತದೆ. ಎಷ್ಟು ಹಿಡಿ ಎಲೆ, ಎಷ್ಟು ಹೊತ್ತು ಅಂತ ಯಾರೂ ಖಚಿತವಾಗಿ ಹೇಳಲು ಬರುವುದಿಲ್ಲ. ಕಣ್ಣಿಗೆ ಎಲೆಯ ರಸವೂ ಒಳ್ಳೆಯದಲ್ಲ. ನನ್ನನ್ನು ಕೇಳಿದರೆ ಮಕ್ಕಳಿಗೆ ಇದು ಬೇಡ. ಕೆರೆದು ಗಾಯವಾದ ತಲೆಗಂತೂ ಬೇಡವೇ ಬೇಡ, ಬಸುರಿ ಹೆಂಗಸರಿಗೂ ಬೇಡ. ಮನೆಯಲ್ಲಿ ದೊಡ್ಡವರು ಯಾರಾದರೂ ಹಚ್ಚಿಕೊಳ್ಳುತ್ತೇವೆ ಅಂತ ಹಟ ಹಿಡಿದರೆ, ಹಣೆಯ ಸುತ್ತ ಟವೆಲ್ ಬಿಗಿಯಾಗಿ ಕಟ್ಟಿಕೊಳ್ಳಲಿ, ತೊಳೆಯುವಾಗ ತಲೆ ಹಿಂದಕ್ಕೆ ವಾಲಿಸಿ ಇನ್ನೊಬ್ಬರಿಂದ ನೀರು ಹಾಕಿಸಿಕೊಳ್ಳಲಿ. ಮುಂದಕ್ಕೆ ಬಗ್ಗಿ ತೊಳೆಯುವುದು ಮಾತ್ರ ಕೂಡದು.

ನಿಮ್ಮ ಇನ್ನೊಂದು ಭಯ ಕೆಮಿಕಲ್. ಪರ್ಮೆಥ್ರಿನ್ ಕೂಡ ಮೂಲದಲ್ಲಿ ಸೇವಂತಿಗೆ ಜಾತಿಯ ಒಂದು ಹೂವಿನ ಕೀಟನಾಶಕ ಅಂಶವನ್ನು ನೋಡಿ, ಅದೇ ಥರ ಮಾಡಿದ್ದು. ಇದರ ಅಳತೆ ಗೊತ್ತು, ಎಷ್ಟು ಹೊತ್ತು ಬಿಡಬೇಕು ಅನ್ನೋದು ಗೊತ್ತು, ಎರಡು ತಿಂಗಳು ತುಂಬಿದ ಮಗುವಿಗೂ ಡಾಕ್ಟರ ಸಲಹೆಯ ಮೇಲೆ ಹಚ್ಚಬಹುದು ಅನ್ನೋದು ಗೊತ್ತು. ಚರ್ಮದ ಮೂಲಕ ಮೈಗೆ ಸೇರುವುದು ಅತಿ ಕಡಿಮೆ. ಸ್ವಲ್ಪ ಉರಿ, ತುರಿಕೆ ಆಗಬಹುದು. ಕೂದಲು ಉದುರಿಸುವುದಿಲ್ಲ. ಬಾಚುವಾಗ ಕೈಗೆ ಬರುವ ಕೂದಲು ದಿನಾ ಉದುರುವ ಕೂದಲೇ.

ಹಾಗಂತ ಪರ್ಮೆಥ್ರಿನ್ನಿಗೂ ಮಿತಿ ಇದೆ. ಸೀರನ್ನು ಪೂರ್ತಿ ಕೊಲ್ಲುವುದಿಲ್ಲ ಅಂತ ಆಗಲೇ ಹೇಳಿದೆ. ಎರಡನೆಯದು, ಪ್ರಪಂಚದ ಹಲವು ಕಡೆ ಹೇನು ಈ ಔಷಧಕ್ಕೆ ಒಗ್ಗಿಹೋಗಿದೆ. ಬ್ರಿಟನ್ನಿನಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿದ ಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ಹೇನು ಹೋಯಿತು. ಅಂಗಡಿಯ ಔಷಧ ಹಚ್ಚಿದವರಲ್ಲಿ ನೂರಕ್ಕೆ 13 ಮಂದಿಗೆ ಮಾತ್ರ. ಇಲ್ಲೂ ಅದೇ ಲೆಕ್ಕ ಅಂತ ನಾನು ಹೇಳುತ್ತಿಲ್ಲ. ಆದರೆ ಬಾಚಣಿಗೆಯನ್ನು ಬಿಟ್ಟು ಬಾಟಲಿಯನ್ನಷ್ಟೇ ನಂಬಬಾರದು ಅನ್ನುವುದಕ್ಕೆ ಇದು ಸಾಕು.

ನಿಮ್ಮ ಮಗಳಿಗೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಶುಕ್ರವಾರ ಸಂಜೆ ಶುರು ಮಾಡಿ. ಮಾಮೂಲಿ ಶಾಂಪೂ ಹಾಕಿ ತಲೆ ತೊಳೆಯಿರಿ, ಕಂಡೀಷನರ್ ಹಾಕಬೇಡಿ. ಎಣ್ಣೆ, ಕಂಡೀಷನರಿನ ಪದರ ಇದ್ದರೆ ಔಷಧ ಸರಿಯಾಗಿ ತಾಗುವುದಿಲ್ಲ. ಟವೆಲಿನಿಂದ ಚೆನ್ನಾಗಿ ಒರೆಸಿ. ನೀರು ತೊಟ್ಟಿಕ್ಕುವ ಕೂದಲಿಗೆ ಹಾಕಿದರೆ ಔಷಧ ತೆಳ್ಳಗಾಗುತ್ತದೆ. ಪರ್ಮೆಥ್ರಿನ್ 1% ಲೋಷನ್ನನ್ನು ಬುಡದಿಂದ ತುದಿವರೆಗೆ, ಕಿವಿಯ ಹಿಂದೆ ಮತ್ತು ಕತ್ತಿನ ಹತ್ತಿರ ಮರೆಯದೆ ಹಚ್ಚಿ. ಸೊಂಟದವರೆಗಿನ ಕೂದಲಿಗೆ ಒಂದು ಸಣ್ಣ ಬಾಟಲಿ ಸಾಲದು, ಎರಡು ಬೇಕಾಗಬಹುದು. ನಿಮ್ಮ ಮೊದಲ ಪ್ರಯತ್ನ ಸೋತಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಗಡಿಯಾರ ನೋಡಿ ಹತ್ತು ನಿಮಿಷ ಬಿಟ್ಟು, ಇದನ್ನೂ ತಲೆ ಹಿಂದಕ್ಕೆ ವಾಲಿಸಿ ತೊಳೆಯಿರಿ. ಮುಂದಿನ ಎರಡು ದಿನ ತಲೆಗೆ ಸ್ನಾನ ಬೇಡ.

ಶನಿವಾರ ಬೆಳಗ್ಗೆ ಒಂದು ಪರೀಕ್ಷೆ ಇದೆ. ತಲೆಯಿಂದ ಒಂದೆರಡು ಹೇನು ತೆಗೆದು ಬಿಳಿ ಬಟ್ಟೆಯ ಮೇಲೆ ಬಿಡಿ. ಸತ್ತಿದ್ದರೆ, ಇಲ್ಲವೇ ಮಂಕಾಗಿ ಕಾಲು ಅಲ್ಲಾಡಿಸುತ್ತಿದ್ದರೆ ಔಷಧ ಹಿಡಿದಿದೆ ಅಂತ ಅರ್ಥ. ಅದನ್ನೇ ಮುಂದುವರಿಸಿ. ಎಂಟರಿಂದ ಹನ್ನೆರಡು ಗಂಟೆ ಕಳೆದ ಮೇಲೂ ಮೊದಲಿನ ಹಾಗೇ ಚುರುಕಾಗಿ ಓಡುತ್ತಿದ್ದರೆ ಆ ಹೇನಿಗೆ ಈ ಔಷಧ ನಾಟುತ್ತಿಲ್ಲ. ಆಗ ಅದನ್ನೇ ಮತ್ತೆ ಮತ್ತೆ ಸುರಿಯಬೇಡಿ. ಡಾಕ್ಟರ ಹತ್ತಿರ ಬನ್ನಿ, ಐವರ್ಮೆಕ್ಟಿನ್ ಅಥವಾ ಹೇನಿನ ಉಸಿರು ಕಟ್ಟಿಸುವ ಡೈಮೆಥಿಕೋನ್ ಬರೆದುಕೊಡುತ್ತಾರೆ. ಐವರ್ಮೆಕ್ಟಿನ್ ಮಾತ್ರೆಯನ್ನು ಮಗುವಿನ ತೂಕ ನೋಡಿ ಕೊಡಬೇಕು. 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಕೊಡುವುದಿಲ್ಲ. ಅದಕ್ಕೇ ಅದನ್ನು ನೀವೇ ಅಂಗಡಿಯಲ್ಲಿ ಕೇಳಿ ತರಬೇಡಿ.

ಸೋಮವಾರದಿಂದ ಬಾಚುವ ಕೆಲಸ. ಇದನ್ನು ಸುಮ್ನೆ ಮೇಲೆ ಮೇಲೆ ಮಾಡಿದರೆ ಏನೂ ಸಿಗುವುದಿಲ್ಲ. ಸ್ಟೀಲಿನ ಉದ್ದ ಹಲ್ಲಿನ ಹೇನಿನ ಬಾಚಣಿಗೆ ತನ್ನಿ. ಪ್ಲಾಸ್ಟಿಕ್ಕಿನದರಲ್ಲಿ ಹಲ್ಲು ಬಾಗಿ ಸೀರು ಸಂದಿಯಲ್ಲಿ ಜಾರಿಹೋಗುತ್ತದೆ. ಕೂದಲು ಒದ್ದೆ ಮಾಡಿ, ಈಗ ಕಂಡೀಷನರ್ ಅಥವಾ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ. ದೊಡ್ಡ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ಆಮೇಲೆ ಎರಡು ಬೆರಳಗಲದ ಎಳೆ ತೆಗೆದುಕೊಂಡು, ಬಾಚಣಿಗೆ ನೆತ್ತಿಗೆ ತಾಗುವ ಹಾಗೆ ಇಟ್ಟು ತುದಿವರೆಗೂ ಎಳೆಯಿರಿ. ಪ್ರತಿ ಸಲ ಎಳೆದಾಗಲೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಒಂದು ಎಳೆ ಮುಗಿದರೆ ಕ್ಲಿಪ್ ಹಾಕಿ ಪಕ್ಕಕ್ಕೆ ಸರಿಸಿ. ಅವಳ ಕೂದಲಿಗೆ ಒಂದು ಗಂಟೆ ಹಿಡಿಯುತ್ತದೆ. ಒಪ್ಪಿದರೆ ರಜೆಯಲ್ಲಿ ಹೆಗಲವರೆಗೆ ಕತ್ತರಿಸಿ, ಕೆಲಸ ಅರ್ಧವಾಗುತ್ತದೆ. ಬಲವಂತ ಮಾತ್ರ ಮಾಡಬೇಡಿ.

ಇದೇ ಥರ ಗುರುವಾರ ಒಂದು ಸಲ ಬಾಚಿ. ಅದರ ಮುಂದಿನ ಭಾನುವಾರ, ಅಂದರೆ ಮೊದಲ ಔಷಧದಿಂದ ಒಂಬತ್ತನೇ ದಿನ, ಔಷಧವನ್ನು ಎರಡನೇ ಸಲ ಹಚ್ಚಿ. ಉಳಿದ ಸೀರೆಲ್ಲ ಹೆಚ್ಚುಕಡಿಮೆ ಒಡೆದಿರುತ್ತದೆ, ಹೊರಬಂದ ಮರಿ ಇನ್ನೂ ಮೊಟ್ಟೆ ಇಡುವಷ್ಟು ಬೆಳೆದಿರುವುದಿಲ್ಲ. ನೀವು ಬಿಟ್ಟಿದ್ದು ಈ ಒಂದು ದಿನವನ್ನೇ. ಆಮೇಲೂ ಮೂರು ನಾಲ್ಕು ದಿನಕ್ಕೊಮ್ಮೆ ಬಾಚುತ್ತಿರಿ. ಸತತ ಮೂರು ಸಲ ಬಾಚಿದಾಗಲೂ ಜೀವಂತ ಹೇನು ಒಂದೂ ಸಿಗದಿದ್ದರೆ ನಿಲ್ಲಿಸಬಹುದು. ಬಾಟಲಿ ಬೇಡವೇ ಬೇಡ ಅನ್ನುವವರು ಬರೀ ಬಾಚುವುದನ್ನೇ ಇದೇ ಲೆಕ್ಕದಲ್ಲಿ ಎರಡು ಮೂರು ವಾರ ಮಾಡಬಹುದು. ಬಾಚುವ ಸರದಿ ಒಂದನ್ನೂ ತಪ್ಪಿಸಬಾರದು ಅಷ್ಟೆ.

ಎಲ್ಲ ಮುಗಿದ ಮೇಲೂ ಕೂದಲಲ್ಲಿ ಬಿಳಿ ಸೀರು ಕಾಣಿಸಿ ನಿಮಗೆ ಗಾಬರಿಯಾಗಬಹುದು. ಒಡೆದ ಸೀರಿನ ಚಿಪ್ಪು ಅಂಟು ಬಿಡುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ನೆತ್ತಿಯಿಂದ ಒಂದು ಸೆಂಟಿಮೀಟರಿಗಿಂತ ದೂರ ಇರುವ ಸೀರು ಬಹುತೇಕ ಖಾಲಿ ಚಿಪ್ಪು. ತುರಿಕೆಯೂ ಹೇನು ಸತ್ತ ಮೇಲೆ ಒಂದೆರಡು ವಾರ ಇರುತ್ತದೆ. ಇವೆರಡನ್ನು ನೋಡಿ ಮತ್ತೆ ಔಷಧ ಹಾಕಬೇಡಿ. ಓಡಾಡುವ ಹೇನು ಕಂಡರೆ ಮಾತ್ರ ಹಾಕಿ.

ಮನೆ ತೊಳೆಯುವ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ, ತಲೆಗೆ ತಲೆ ತಾಗಿದಾಗ ನಡೆದು ಹೋಗುತ್ತದೆ. ತಲೆ ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತದೆ. ದಿಂಬಿನ ಕವರು, ಟವೆಲ್ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ಅದ್ದಿ. ಹಾಸಿಗೆಗೆ ಔಷಧಿ ಹೊಡೆಯಬೇಡಿ.

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಮನೆಯಲ್ಲಿ ಹಸು ಇದ್ದರೆ ಉಣ್ಣೆಗೆ ಹಾಕುವ ಔಷಧ ಇರುತ್ತದೆ, ಟೊಮೆಟೊ ತೋಟ ಇದ್ದರೆ ಸಿಂಪಡಿಸುವ ಔಷಧಿ ಇರುತ್ತದೆ. ಸೊಪ್ಪೂ ಆಗಲಿಲ್ಲ, ಶಾಂಪೂವೂ ಆಗಲಿಲ್ಲ ಅಂತ ಬೇಸತ್ತವರು ಅದರ ಒಂದು ಮುಚ್ಚಳ ನೀರಿಗೆ ಬೆರೆಸಿ ಮಗುವಿನ ತಲೆಗೆ ಹಾಕುವುದುಂಟು. ಸೀಮೆಎಣ್ಣೆ, ಜಿರಳೆ ಚಾಕ್ ಪುಡಿ ಹಚ್ಚುವುದೂ ಉಂಟು. ಇದರಲ್ಲಿ ಕೆಲವು ಕೆರೆದ ಗಾಯದ ಮೂಲಕ ಮೈಗೆ ಇಳಿದು ಪ್ರಾಣ ತೆಗೆಯುತ್ತವೆ. ಅಂಥದ್ದು ಹಚ್ಚಿದ ಮೇಲೆ ಜೊಲ್ಲು, ವಾಂತಿ, ಬೆವರು, ಮಂಪರು ಕಂಡರೆ ತಲೆ ತೊಳೆದು, ಬಟ್ಟೆ ಬದಲಿಸಿ, ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ.

ಮಗಳ ತಲೆಯಲ್ಲಿ ಕೀವು, ಹಳದಿ ಹೊಪ್ಪಳೆ, ಕತ್ತಿನ ಹಿಂದೆ ಗಂಟು, ಜ್ವರ ಇದ್ದರೆ ಮೇಲಿನ ಯಾವುದನ್ನೂ ಶುರು ಮಾಡದೆ ಮೊದಲು ಡಾಕ್ಟರಿಗೆ ತೋರಿಸಿ. ಬಹಳ ದಿನದಿಂದ ಹೇನು ಜಾಸ್ತಿ ಇದ್ದು ಮುಖ ಬಿಳಿಚಿಕೊಂಡಿದ್ದರೆ ರಕ್ತವನ್ನೂ ಪರೀಕ್ಷೆ ಮಾಡಿಸಿ. ರಜೆ ಮುಗಿದು ಹಾಸ್ಟೆಲಿಗೆ ಕಳಿಸುವಾಗ ವಾರ್ಡನ್ನಿಗೆ ಒಂದು ಮಾತು ಹೇಳಿ. ಅವಳ ಕೋಣೆಯ ಹುಡುಗಿಯರೆಲ್ಲ ಒಂದೇ ಭಾನುವಾರ ತಲೆ ನೋಡಿಸಿಕೊಂಡು, ಹೇನು ಇದ್ದವರೆಲ್ಲ ಒಟ್ಟಿಗೆ ಔಷಧ ಹಚ್ಚಿಕೊಳ್ಳಬೇಕು. ಅವಳೊಬ್ಬಳೇ ಹಚ್ಚಿಕೊಂಡರೆ ಪಕ್ಕದ ಹಾಸಿಗೆಯವಳಿಂದ ಕೆಲವೇ ದಿನಗಳಲ್ಲಿ ಮತ್ತೆ ಹತ್ತುತ್ತದೆ. ಸ್ಟೀಲ್ ಬಾಚಣಿಗೆಯನ್ನು ಅವಳ ಪೆಟ್ಟಿಗೆಗೆ ಹಾಕಿ ಕಳಿಸಿ, ಅದನ್ನು ಹಿಡಿಯುವುದು ಹೇಗೆ ಅಂತ ಅವಳಿಗೂ ಕಲಿಸಿ.